ಚಾಪೆಯ ಲೆಕ್ಕ, ಪೋಸ್ಟಿನ ಲೆಕ್ಕ

ಮಾರ್ಚ್ ಬಂತೆಂದರೆ ಉಜಿರೆ, ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಸುತ್ತಿನ ಹಳ್ಳಿಮನೆಗಳ ಅಂಗಳದಲ್ಲಿ ಚಾಪೆಗಳು ಬಿಚ್ಚಿಕೊಳ್ಳುತ್ತವೆ. ಬೆಳೆದ ಹಲಸಿನ ಕಾಯಿಯ ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಉಪ್ಪು ಖಾರ ಸೇರಿಸಿ ಗುದ್ದಿ, ಉಂಡೆ ಮಾಡಿ, ಒತ್ತಿ, ಬಿಸಿಲಿಗೆ ಹರಡುವ ಕೆಲಸ ಬೆಳಗಿನಿಂದ ಸಂಜೆಯವರೆಗೆ ನಡೆಯುತ್ತದೆ. ಜೂನ್ ಮೊದಲ ಮಳೆ ಬಿದ್ದರೆ ಮುಗಿಯಿತು. ಈ ಮೂರು ತಿಂಗಳಲ್ಲಿ ಒಣಗಿದಷ್ಟೇ ವರ್ಷದ ಸರಕು.

ಒಂದು ಕಾಲದಲ್ಲಿ ಈ ಹಪ್ಪಳ ನೆಂಟರ ಚೀಲದಲ್ಲಿ ಬೆಂಗಳೂರಿಗೂ ಮುಂಬಯಿಗೂ ಹೋಗುತ್ತಿತ್ತು, ಇಲ್ಲವೆ ಪೇಟೆಯ ಅಂಗಡಿಗೆ ಬೀಳುತ್ತಿತ್ತು. ಈಗ ಮಾಡಿದವರೇ ಮಾರುತ್ತಾರೆ. ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಫೋಟೋ ಹಾಕುತ್ತಾರೆ, ಇನ್‌ಸ್ಟಾಗ್ರಾಮಿನಲ್ಲಿ ರೀಲ್ ಮಾಡುತ್ತಾರೆ, ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕುತ್ತಾರೆ. ಉಜಿರೆ ಸ್ವ ಉದ್ಯೋಗಕ್ಕೆ ಹೊಸ ಊರಲ್ಲ. ಧರ್ಮಸ್ಥಳದ ಶೈಕ್ಷಣಿಕ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಒಟ್ಟಾಗಿ 1982ರಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ಆರಂಭಿಸಿದ್ದು ಇಲ್ಲಿಯೇ. ಅದೇ ಮಾದರಿಯಲ್ಲಿ ಆಮೇಲೆ ದೇಶದ ಜಿಲ್ಲೆಜಿಲ್ಲೆಗಳಲ್ಲಿ ತರಬೇತಿ ಕೇಂದ್ರಗಳು ಹುಟ್ಟಿದವು. ಒಬ್ಬರೇ ನಿಂತು ಒಂದು ಸಣ್ಣ ಉದ್ಯಮ ನಡೆಸುವುದು ಹೇಗೆಂಬ ಪ್ರಶ್ನೆಗೆ ಈ ಸೀಮೆ ನಾಲ್ಕು ದಶಕದಿಂದ ಉತ್ತರ ಹುಡುಕುತ್ತಿದೆ. ಆ ಪ್ರಶ್ನೆಗೆ ಈಗ ಹೊಸದೊಂದು ಬಾಲ ಸೇರಿಕೊಂಡಿದೆ: ಇದನ್ನೆಲ್ಲ ಮಾಡುತ್ತ ದಿನಕ್ಕೊಂದು ಪೋಸ್ಟ್ ಹಾಕಬೇಕೆ, ಅಥವಾ ತಿಂಗಳಿಗೊಂದಾದರೂ ಚೆನ್ನಾಗಿ ಮಾಡಿ ಹಾಕಿದರೆ ಸಾಕೆ?

ಎರಡೂ ಕಡೆಯ ಉಪದೇಶ ಧಾರಾಳವಾಗಿ ಸಿಗುತ್ತದೆ. ದಿನಾ ಹಾಕದಿದ್ದರೆ ಜನ ಮರೆಯುತ್ತಾರೆ ಎನ್ನುವವರಿದ್ದಾರೆ. ಅರೆಬೆಂದದ್ದನ್ನು ಹಾಕಿದರೆ ಹೆಸರು ಕೆಡುತ್ತದೆ ಎನ್ನುವವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಈ ಉಪದೇಶ ಎಲ್ಲಿಂದ ಬಂತೆಂದು ನೋಡಿದರೆ ಅದರ ಮಿತಿ ತಿಳಿಯುತ್ತದೆ. ನ್ಯೂಯಾರ್ಕಿನ ಕೇಸಿ ನೈಸ್ಟಾಟ್ ಎಂಬವರು 2015ರ ಮಾರ್ಚಿನಿಂದ ಯೂಟ್ಯೂಬಿನಲ್ಲಿ ದಿನಕ್ಕೊಂದು ವಿಡಿಯೊ ಹಾಕತೊಡಗಿ ಜಗತ್ತಿಗೆಲ್ಲ ಪರಿಚಿತರಾದರು. 2016ರ ನವೆಂಬರಿನಲ್ಲಿ ಆ ದಿನಚರಿಯನ್ನು ನಿಲ್ಲಿಸಿದರು. ಅವರಿಗೆ ವಿಡಿಯೊವೇ ಸರಕು. ದಿನವಿಡೀ ಅದನ್ನೇ ಮಾಡಿದರೆ ಉದ್ಯಮ ನಡೆಯುತ್ತದೆ. ಹಪ್ಪಳ ಮಾಡುವವರಿಗೆ ಹಪ್ಪಳವೇ ಸರಕು. ವಿಡಿಯೊಗೆ ಕೊಟ್ಟ ಒಂದೊಂದು ಗಂಟೆಯೂ ಚಾಪೆಯಿಂದಲೋ ನಿದ್ದೆಯಿಂದಲೋ ಕಿತ್ತದ್ದು. ಪೋಸ್ಟನ್ನೇ ಮಾರುವವರ ವೇಳಾಪಟ್ಟಿಯನ್ನು ಹಪ್ಪಳ ಮಾರುವವರು ಹೊತ್ತುಕೊಂಡರೆ ಭಾರ ತಾಳದು.

ಆದ್ದರಿಂದ ವಾರಕ್ಕೆಷ್ಟು ಎಂಬ ಪ್ರಶ್ನೆಗೆ ಉತ್ತರವನ್ನು ಫೋನಿನಲ್ಲಿ ಹುಡುಕುವ ಮೊದಲು ಅಂಗಳದಲ್ಲಿ ಹುಡುಕಬೇಕು.

ಒಂದು ಲೆಕ್ಕ ಹಾಕಿ ನೋಡೋಣ. ಉಜಿರೆಯ ಹತ್ತಿರದ ಒಂದು ಮನೆಯಲ್ಲಿ ಒಬ್ಬಾಕೆ ಒಬ್ಬರೇ ಹಲಸಿನ ಹಪ್ಪಳ ಮಾಡಿ ಮಾರುತ್ತಾರೆ ಎಂದಿಟ್ಟುಕೊಳ್ಳಿ. ತೋಟ, ದನ, ಅಡುಗೆ, ಮಕ್ಕಳ ಶಾಲೆ ಎಲ್ಲವೂ ಇದೆ. ದಿನಕ್ಕೆ 200 ಹಪ್ಪಳ ಒತ್ತಿದರೆ, 25ರ ಕಟ್ಟಿನ ಲೆಕ್ಕದಲ್ಲಿ ಎಂಟು ಕಟ್ಟು. ವಾರದಲ್ಲಿ ಐದು ದಿನ ಕೆಲಸವಾದರೆ 40 ಕಟ್ಟು. ಮಾರ್ಚಿನಿಂದ ಮೇ ತನಕ ಹನ್ನೆರಡು ವಾರ ಬಿಸಿಲು ಕೈಕೊಡದಿದ್ದರೆ 480 ಕಟ್ಟು. ಅವರ ಫೋನಿನಲ್ಲಿ ಹಿಂದೆ ಕೊಂಡ 150 ಮನೆಗಳ ನಂಬರ್ ಇದೆ. ಒಂದು ಮನೆ ವರ್ಷಕ್ಕೆ ಮೂರು ಕಟ್ಟು ಕೊಂಡರೂ 450 ಕಟ್ಟು ಅಲ್ಲಿಗೇ ಹೋಯಿತು. ಉಳಿಯುವುದು 30 ಕಟ್ಟು, ಅಂದರೆ ಹತ್ತು ಹೊಸ ಮನೆಗಳಿಗೆ ಸಾಕಾಗುವಷ್ಟು.

ಈಗ ಆಕೆ ವಾರಕ್ಕೆ ಐದು ರೀಲ್ ಹಾಕಿದರು, ಅದರಲ್ಲೊಂದು ಐವತ್ತು ಸಾವಿರ ಜನರಿಗೆ ಮುಟ್ಟಿತು ಎನ್ನಿ. ಮರುದಿನ ಬೆಳಿಗ್ಗೆ ನೂರಾರು ಮಂದಿ ಕೇಳುತ್ತಾರೆ: ಅಕ್ಕ, ಹಪ್ಪಳ ಉಂಟಾ? ಕಟ್ಟಿಗೆಷ್ಟು? ದೆಹಲಿಗೆ ಕಳಿಸ್ತೀರಾ? ಅಷ್ಟು ಜನರಿಗೆ ಉತ್ತರಿಸಲು ಹೊತ್ತಿಲ್ಲ, ಉತ್ತರಿಸಿದರೂ ಕೊಡಲು ಸರಕಿಲ್ಲ. ಇಲ್ಲ ಎಂದು ಹೇಳುವುದಕ್ಕೇ ಒಂದು ವಾರ ಹಿಡಿಯುತ್ತದೆ. ಆ ಗಡಿಬಿಡಿಯಲ್ಲಿ ಐದು ವರ್ಷದಿಂದ ಕೊಳ್ಳುತ್ತಿದ್ದ ಮಂಗಳೂರಿನ ಮನೆಯೊಂದರ ಮೆಸೇಜು ಕೆಳಗೆ ಜಾರಿ ಕಾಣದೇ ಹೋಗುತ್ತದೆ. ಹೆಚ್ಚು ಜನರಿಗೆ ಮುಟ್ಟಿದ್ದರಿಂದಲೇ ನಷ್ಟವಾಗುವ ಸಂದರ್ಭ ಇದು. ಒಂಟಿ ಉದ್ಯಮಿಗಳು ಇದಕ್ಕೆ ಸಿಲುಕುವುದು ಉಂಟು, ಆದರೆ ಆಗ ಅದು ನಷ್ಟವೆಂದು ಹೊಳೆಯುವುದಿಲ್ಲ. ನೋಡಿದವರ ಸಂಖ್ಯೆ ಖುಷಿ ಕೊಡುತ್ತಿರುತ್ತದೆ.

ಹಾಗಾದರೆ ಪೋಸ್ಟ್ ಹಾಕುವ ಉದ್ದೇಶವೇನು? ಆಕೆಗೆ ಬೇಕಾದದ್ದು ಎರಡು. ಗೊತ್ತಿರುವ 150 ಮನೆಗಳಿಗೆ ಸರಿಯಾದ ಹೊತ್ತಿಗೆ ಸುದ್ದಿ ಮುಟ್ಟಬೇಕು. ಗೊತ್ತಿಲ್ಲದ ಕೆಲವರಿಗೆ ಈ ಹಪ್ಪಳಕ್ಕೆ ಅಂಗಡಿಯದಕ್ಕಿಂತ ಹೆಚ್ಚು ಕೊಡಬಹುದು ಎಂಬ ನಂಬಿಕೆ ಬರಬೇಕು. ಇವು ಬೇರೆ ಬೇರೆ ಕೆಲಸಗಳು. ಮೊದಲನೆಯದಕ್ಕೆ ಬೇಕಾದದ್ದು ನಿಯಮ, ಚಂದವಲ್ಲ. ಎರಡನೆಯದಕ್ಕೆ ಬೇಕಾದದ್ದು ಆಳ. ಅದು ಮತ್ತೆ ಮತ್ತೆ ಬರಬೇಕಾಗಿಲ್ಲ. ಆವರ್ತನ ಮತ್ತು ಗುಣಮಟ್ಟದ ನಡುವಿನ ಜಗಳ ಹುಟ್ಟುವುದು ಈ ಎರಡನ್ನೂ ಒಂದೇ ಪೋಸ್ಟಿನಿಂದ ಸಾಧಿಸಲು ಹೊರಟಾಗ. ಸ್ಟಾಕ್ ಬಂದ ಸುದ್ದಿಗೆ ಹಾಡು ಜೋಡಿಸಿ ರೀಲ್ ಮಾಡುತ್ತಾರೆ, ಎರಡು ಗಂಟೆ ಹೋಗುತ್ತದೆ. ಹಪ್ಪಳ ಮಾಡುವ ಬಗೆಯನ್ನು ಸ್ಟೇಟಸ್ಸಿನಲ್ಲಿ ಹಾಕುತ್ತಾರೆ, 24 ಗಂಟೆಯಲ್ಲಿ ಅದು ಅಳಿದುಹೋಗುತ್ತದೆ. ಬೇಗ ಆಗಬೇಕಾದದ್ದಕ್ಕೆ ಶ್ರಮ ಹೆಚ್ಚಾಯಿತು, ಬಾಳಬೇಕಾದದ್ದಕ್ಕೆ ಆಯುಷ್ಯ ಕಡಿಮೆಯಾಯಿತು.

ಮೊದಲನೆಯ ಬಗೆಯನ್ನು ದಿನದ ಸುದ್ದಿ ಎನ್ನಬಹುದು. ಇವತ್ತು ಎಷ್ಟು ಕಟ್ಟು ಇದೆ, ಬೆಲೆ ಎಷ್ಟು, ಪಾರ್ಸೆಲ್ ಯಾವಾಗ ಹೊರಡುತ್ತದೆ: ಮೂರೇ ಸಂಗತಿ, ಒಂದು ಫೋಟೋ. ಇದಕ್ಕೆ ವಾಟ್ಸ್ಆ್ಯಪ್ ಸ್ಟೇಟಸ್ಸೇ ಸರಿಯಾದ ಜಾಗ. 24 ಗಂಟೆಯಲ್ಲಿ ಅಳಿಯುವುದು ಇಲ್ಲಿ ಅನುಕೂಲ, ಏಕೆಂದರೆ ಮೊನ್ನೆಯ ಸ್ಟಾಕನ್ನು ಇವತ್ತು ಯಾರೂ ಕೇಳುವುದಿಲ್ಲ. ಮೂರು ನಿಮಿಷದಲ್ಲಿ ಮುಗಿಯುತ್ತದೆ. ಸ್ಟೇಟಸ್ ನೋಡುವ ಅಭ್ಯಾಸ ಇಲ್ಲದವರಿಗೆ ಬ್ರಾಡ್‌ಕಾಸ್ಟ್ ಪಟ್ಟಿ ಇದೆ. ಒಂದು ಪಟ್ಟಿಯಲ್ಲಿ 256 ಮಂದಿ ಹಿಡಿಸುತ್ತಾರೆ. ಆದರೆ ಅದರಲ್ಲೊಂದು ಒಳಗುಟ್ಟಿದೆ: ಕಳಿಸುವವರ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ಮುಟ್ಟುತ್ತದೆ. 150 ಜನರಿಗೆ ಕಳಿಸಿದೆ ಎಂದುಕೊಂಡಿದ್ದರೆ ನಿಜವಾಗಿ ಅರುವತ್ತು ಜನರಿಗಷ್ಟೇ ಹೋಗಿರಲೂಬಹುದು. ಅದಕ್ಕೇ ಪ್ರತಿ ಕಟ್ಟಿನೊಳಗೆ ನಂಬರ್ ಇರುವ ಚೀಟಿ ಇಟ್ಟು, ಇದನ್ನು ಸೇವ್ ಮಾಡಿಕೊಂಡರೆ ಮುಂದಿನ ಸಲ ಸುದ್ದಿ ಸಿಗುತ್ತದೆ ಎಂದು ಬರೆಯುವುದು ಒಂದು ಒಳ್ಳೆಯ ರೀಲಿಗಿಂತ ಹೆಚ್ಚು ಕೆಲಸ ಮಾಡಬಲ್ಲದು.

ಎರಡನೆಯ ಬಗೆ ಬಾಳುವ ಬರಹ ಅಥವಾ ವಿಡಿಯೊ. ಕೊಳ್ಳುವವರಿಗೆ ನಿಜವಾಗಿ ಇರುವ ಒಂದು ಸಂದೇಹ, ಅದಕ್ಕೆ ಮಾಡುವವರಿಗೆ ಮಾತ್ರ ಗೊತ್ತಿರುವ ಒಂದು ಉತ್ತರ. ಉದಾಹರಣೆಗೆ: ಕಾಯಿ ಬಕ್ಕೆಯದೋ ತುಳುವದೋ, ಅದರಿಂದ ರುಚಿಯಲ್ಲಿ ಏನು ವ್ಯತ್ಯಾಸ? ಕಳೆದ ವರ್ಷದ ಹಪ್ಪಳ ಕೆಂಪಾದದ್ದು ಯಾಕೆ? ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಇಡುವುದು ಹೇಗೆ? ಸರಿಯಾಗಿ ಒಣಗಿದ ಹಪ್ಪಳ ಮುರಿದರೆ ಟಕ್ಕೆಂದು ತುಂಡಾಗುತ್ತದೆ, ಬಾಗಿದರೆ ಇನ್ನೊಂದು ಬಿಸಿಲು ಬೇಕು ಎಂಬುದನ್ನು ಅರ್ಧ ನಿಮಿಷದಲ್ಲಿ ಕೈಯಲ್ಲೇ ತೋರಿಸಬಹುದು. ಈ ವಿಡಿಯೊ ಈ ವರ್ಷವೂ ಸತ್ಯ, ಮುಂದಿನ ವರ್ಷವೂ ಸತ್ಯ. ಅದನ್ನು ಪುನಃ ಪುನಃ ಮಾಡಬೇಕಿಲ್ಲ. ಯಾರಾದರೂ ಕೇಳಿದಾಗ ಅದನ್ನೇ ಕಳಿಸಿದರಾಯಿತು.

ಇಲ್ಲಿ ಗುಣಮಟ್ಟ ಎಂಬ ಮಾತಿನ ಅರ್ಥವೂ ಸ್ಪಷ್ಟವಾಗುತ್ತದೆ. ಕ್ಯಾಮೆರಾದ ಹೊಳಪು, ಹಿನ್ನೆಲೆ ಸಂಗೀತ, ಅಕ್ಷರಗಳ ಕುಣಿತ ಇವೆಲ್ಲ ಗುಣಮಟ್ಟದ ಹೆಸರಿನಲ್ಲಿ ಸಮಯ ತಿನ್ನುತ್ತವೆ. ಹಣ ಕೊಟ್ಟು ಕೊಳ್ಳುವವರಿಗೆ ಬೇಕಾದದ್ದು ಬೇರೆ: ಕಟ್ಟಿನಲ್ಲಿ ಎಷ್ಟು ಹಪ್ಪಳ, ಏನೇನು ಸೇರಿಸಿದ್ದಾರೆ, ಎಷ್ಟು ತಿಂಗಳು ಇರುತ್ತದೆ, ಲೇಬಲ್ಲಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನೋಂದಣಿ ಸಂಖ್ಯೆ ಇದೆಯೇ. ಅಲುಗಾಡುವ ವಿಡಿಯೊದಲ್ಲಿ ಇವಿಷ್ಟೂ ಇದ್ದರೆ ಅದು ಒಳ್ಳೆಯ ವಿಡಿಯೊ. ಸಿನಿಮಾದಂತೆ ಕಾಣುವ ವಿಡಿಯೊದ ಕೆಳಗೆ ಬೆಲೆ ಎಷ್ಟೆಂದು ನಲುವತ್ತು ಜನ ಕೇಳಿದ್ದರೆ ಅದು ಅಪೂರ್ಣ ವಿಡಿಯೊ.

ಈ ದಾರಿಗೆ ಇದೇ ಸೀಮೆಯಲ್ಲಿ ಒಂದು ಹಳೆಯ ಮಾದರಿ ಇದೆ. ಪುತ್ತೂರಿನಿಂದ 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ತಿಂಗಳಿಗೊಮ್ಮೆ ಬರುವ ಕೃಷಿ ಪತ್ರಿಕೆ. ಅದನ್ನು ಕಟ್ಟಿದವರು, ಅದಕ್ಕೆ ಬರೆಯುವವರು ಬಹುಪಾಲು ಕೃಷಿಕರು. ಅದರ ಸಂಪಾದಕತ್ವ ಹೊತ್ತ ಶ್ರೀಪಡ್ರೆಯವರೂ ಕಾಸರಗೋಡು ಜಿಲ್ಲೆಯ ಒಬ್ಬ ಕೃಷಿಕರೇ. ಬರೆಯುವುದು ಹೊಟ್ಟೆಪಾಡಾಗಿರದ, ತೋಟದ ಕೆಲಸ ಮುಗಿಸಿ ಪೆನ್ನು ಹಿಡಿಯುವ ಜನರ ಪತ್ರಿಕೆಗೆ ತಿಂಗಳ ಲಯ ಹೊಂದಿತು. ಒಂದು ಗೊಬ್ಬರದ, ಒಂದು ಉಪಕರಣದ ಅನುಭವ ಹೇಳಬೇಕಾದರೆ ಅದನ್ನು ಮೊದಲು ತೋಟದಲ್ಲಿ ಬಳಸಿ ನೋಡಿರಬೇಕು. ಅದಕ್ಕೆ ವಾರಗಳೇ ಬೇಕು.

ಶ್ರೀಪಡ್ರೆಯವರ ಬರಹಗಳಲ್ಲಿ ಇನ್ನೊಂದು ಪದ್ಧತಿಯನ್ನು ಗಮನಿಸಬೇಕು. ಲೇಖನದ ಕೊನೆಯಲ್ಲಿ, ಅದರಲ್ಲಿ ಬಂದ ಕೃಷಿಕರ ಫೋನ್ ನಂಬರ್ ಇರುತ್ತದೆ. ಅದರ ಪಕ್ಕದಲ್ಲಿ ಅನೇಕ ಸಲ ಕರೆ ಮಾಡಬೇಕಾದ ಹೊತ್ತೂ ಇರುತ್ತದೆ. ಓದಿದವರು ಫೋನ್ ಮಾಡುತ್ತಾರೆ, ಮಾಡಬೇಕು ಕೂಡ. ಆದರೆ ಅದರಿಂದ ಕೃಷಿಕರ ದಿನ ಹಾಳಾಗಬಾರದು ಎಂಬ ಕಾಳಜಿ ಆ ಒಂದು ಸಾಲಿನಲ್ಲಿದೆ. ಪೋಸ್ಟಿನ ಬೆಲೆಯಲ್ಲಿ ಉತ್ತರಿಸುವ ಸಮಯವೂ ಸೇರಿದೆ ಎಂಬುದನ್ನು ಅದು ಒಪ್ಪಿಕೊಂಡಿದೆ. ರೀಲ್ ಹಾಕುವವರು ಮರೆಯುವುದು ಇದನ್ನೇ.

ಹಾಗೆ ಮರೆತರೆ ಲೆಕ್ಕ ಎಲ್ಲಿ ತಪ್ಪುತ್ತದೆಂದು ನೋಡೋಣ. ನಮ್ಮ ಉದಾಹರಣೆಯ ಆ ಹಪ್ಪಳದಾಕೆಗೆ ವಾರಕ್ಕೆ ಫೋನಿಗಾಗಿ ಸಿಗುವುದು ಮೂರು ಗಂಟೆ ಎನ್ನಿ. ಒಂದು ಬಾಳುವ ವಿಡಿಯೊಗೆ ಚಿತ್ರೀಕರಣ 40 ನಿಮಿಷ, ಕತ್ತರಿಸಿ ದನಿ ಸೇರಿಸಲು ಒಂದು ಗಂಟೆ, ಕೆಳಗೆ ನಾಲ್ಕು ಸಾಲು ಬರೆಯಲು 15 ನಿಮಿಷ, ಅವತ್ತು ಸಂಜೆ ಮತ್ತು ಮರುದಿನ ಬಂದ ಪ್ರಶ್ನೆಗಳಿಗೆ ಉತ್ತರಿಸಲು 35 ನಿಮಿಷ. ಒಟ್ಟು ಎರಡೂವರೆ ಗಂಟೆ. ವಾರಕ್ಕೊಂದು ಮಾಡಿದರೆ ಆರ್ಡರ್ ಬರೆದುಕೊಳ್ಳಲು, ಹಣ ಬಂತೇ ಎಂದು ನೋಡಲು ಉಳಿಯುವುದು ಅರ್ಧ ಗಂಟೆ, ಅದು ಸಾಲದು. ಹದಿನೈದು ದಿನಕ್ಕೊಂದು ಮಾಡಿದರೆ ಆರು ಗಂಟೆಯಲ್ಲಿ ಎರಡೂವರೆ ಇದಕ್ಕೆ ಹೋಗುತ್ತದೆ. ವಾರಕ್ಕೆ ಮೂರು ಸ್ಟೇಟಸ್ ಮತ್ತು ಅವುಗಳ ಉತ್ತರಕ್ಕೆ 40 ನಿಮಿಷ, ಎರಡು ವಾರಕ್ಕೆ 80 ನಿಮಿಷ. ಆಮೇಲೂ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು ಆರ್ಡರುಗಳಿಗೆ ಉಳಿಯುತ್ತದೆ. ಇದು ನಡೆಯುವ ಲೆಕ್ಕ. ಜತೆಗೆ ವಾಟ್ಸ್ಆ್ಯಪ್ ಬ್ಯುಸಿನೆಸ್ಸಿನಲ್ಲಿ, ರಾತ್ರಿ ಎಂಟರಿಂದ ಒಂಬತ್ತರೊಳಗೆ ಉತ್ತರಿಸುತ್ತೇನೆ ಎಂಬ ಸಂದೇಶವನ್ನು ತಾನಾಗಿ ಹೋಗುವಂತೆ ಇಟ್ಟರೆ, ಅಡಿಕೆ ಪತ್ರಿಕೆಯ ಆ ಒಂದು ಸಾಲಿನ ಕೆಲಸ ಇಲ್ಲೂ ಆಗುತ್ತದೆ.

ಎಷ್ಟು ಸಲ ಎಂಬುದನ್ನು ನಿರ್ಧರಿಸುವಾಗ ಬಿಡುವಿನ ವಾರವನ್ನು ಅಳತೆಗೋಲಾಗಿ ಹಿಡಿಯುವುದು ಸಾಮಾನ್ಯ ತಪ್ಪು. ಜನವರಿಯಲ್ಲಿ ಉತ್ಸಾಹವಿರುತ್ತದೆ, ವಾರಕ್ಕೆ ನಾಲ್ಕು ಹಾಕುತ್ತಾರೆ. ಏಪ್ರಿಲಿನಲ್ಲಿ ಚಾಪೆ ತುಂಬಿದಾಗ ಒಂದೂ ಇಲ್ಲ. ಸರಕು ಇಲ್ಲದಾಗ ಸದ್ದು, ಸರಕು ಇದ್ದಾಗ ಮೌನ. ಲಯವನ್ನು ಏಪ್ರಿಲಿನ ವಾರಕ್ಕೆ ಹೊಂದಿಸಬೇಕು. ಅತಿ ಬಿಡುವಿಲ್ಲದ ವಾರದಲ್ಲೂ ತಪ್ಪದೆ ಮಾಡಬಲ್ಲಷ್ಟೇ ವಾಗ್ದಾನ. ಏಪ್ರಿಲಿನಲ್ಲೇ ಆಗಬೇಕಾದದ್ದು ಚಿತ್ರೀಕರಣ ಮಾತ್ರ, ಏಕೆಂದರೆ ಸೊಳೆ, ಹಬೆ, ಚಾಪೆ, ಬಿಸಿಲು ಸಿಗುವುದು ಆಗಲೇ. ಹಪ್ಪಳ ಒತ್ತುವಾಗ ಫೋನನ್ನು ಒಂದು ಡಬ್ಬಕ್ಕೆ ಒರಗಿಸಿ ಇಪ್ಪತ್ತು ಮೂವತ್ತು ಸೆಕೆಂಡಿನ ಹತ್ತು ತುಣುಕು ತೆಗೆದಿಟ್ಟರೆ ಸಾಕು. ಕತ್ತರಿಸುವುದು, ದನಿ ಸೇರಿಸುವುದು ಆಟಿಯ ಮಳೆಯಲ್ಲಿ ಕೂತು ಮಾಡಬಹುದು. ಉಪ್ಪು ನೀರಿನಲ್ಲಿ ಸೊಳೆ ಹಾಕಿಟ್ಟು ಮಳೆಗಾಲಕ್ಕೆ ತಿನ್ನುವ ಊರಿಗೆ ಸುಗ್ಗಿಯಲ್ಲಿ ಕೂಡಿಟ್ಟು ಆಮೇಲೆ ಬಳಸುವ ವಿದ್ಯೆಯನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಇದಕ್ಕೆ ಎದುರಾಗಿ ಬರುವ ಬಲವಾದ ವಾದಗಳು ಎರಡು. ಮೊದಲನೆಯದು, ಹೆಚ್ಚು ಮಾಡಿದರೇ ಕೈ ಪಳಗುವುದು. ತಿಂಗಳಿಗೆ ಎರಡು ಮಾಡುವವರು ಕಲಿಯುವುದು ಯಾವಾಗ? ಇದು ನಿಜ. ಮೊದಲ ಹತ್ತು ವಿಡಿಯೊಗಳು ಯಾರದ್ದೂ ಚೆನ್ನಾಗಿರುವುದಿಲ್ಲ. ಆದರೆ ಅಭ್ಯಾಸಕ್ಕೆ ಅಗ್ಗದ ಜಾಗವೊಂದು ಇದೆ. ಸ್ಟೇಟಸ್ಸಿನಲ್ಲಿ ಹಾಕಿದ್ದು ಮರುದಿನ ಇರುವುದಿಲ್ಲ, ನೋಡುವವರೂ ಪರಿಚಿತರೇ. ಯಾವ ಬೆಳಕಿನಲ್ಲಿ ಹಪ್ಪಳದ ಬಣ್ಣ ಸರಿಯಾಗಿ ಕಾಣುತ್ತದೆ, ಯಾವ ಮಾತಿಗೆ ಜನ ತಿರುಗಿ ಪ್ರಶ್ನೆ ಕೇಳುತ್ತಾರೆ ಎಂಬುದನ್ನು ಅಲ್ಲೇ ಕಲಿಯಬಹುದು. ಸ್ಟೇಟಸ್ಸಿನಲ್ಲಿ ಹೆಚ್ಚು ಪ್ರಶ್ನೆ ಎಬ್ಬಿಸಿದ ವಿಷಯವೇ ಮುಂದಿನ ಬಾಳುವ ವಿಡಿಯೊ ಆಗಲಿ.

ಎರಡನೆಯ ವಾದ: ನಿರಂತರ ಹಾಕದವರನ್ನು ಈ ವೇದಿಕೆಗಳೇ ಮೂಲೆಗೆ ತಳ್ಳುತ್ತವೆ. ಇದರಲ್ಲಿಯೂ ಸ್ವಲ್ಪ ಸತ್ಯವಿದೆ. ಇನ್‌ಸ್ಟಾಗ್ರಾಮಿನ ಮುಖ್ಯಸ್ಥ ಆ್ಯಡಮ್ ಮೊಸ್ಸೆರಿ 2021ರಲ್ಲಿ ವಾರಕ್ಕೆ ಎರಡು ಪೋಸ್ಟ್, ದಿನಕ್ಕೆ ಎರಡು ಸ್ಟೋರಿ ಎಂಬ ಅಂದಾಜು ಕೊಟ್ಟಿದ್ದರು. ಗಮನಿಸಬೇಕಾದದ್ದೆಂದರೆ, ಆ ಸಂಸ್ಥೆಯ ಮುಖ್ಯಸ್ಥರೇ ದಿನಕ್ಕೆ ಮೂರು ರೀಲ್ ಎಂದಿರಲಿಲ್ಲ. ಅಳಿಯುವ ಸ್ಟೋರಿ ಹೆಚ್ಚು, ಉಳಿಯುವ ಪೋಸ್ಟ್ ಕಡಿಮೆ ಎಂಬ ಹಂಚಿಕೆ ಅಲ್ಲೂ ಇದೆ. 2025ರ ಜನವರಿಯಲ್ಲಿ ಅವರೇ, ಒಂದು ವಿಡಿಯೊ ಎಷ್ಟು ಜನರಿಗೆ ಮುಟ್ಟುತ್ತದೆಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಮೂರು ಸಂಗತಿ ಎಂದರು: ಎಷ್ಟು ಹೊತ್ತು ನೋಡಿದರು, ಎಷ್ಟು ಜನ ಮೆಚ್ಚಿದರು, ಎಷ್ಟು ಜನ ಬೇರೆಯವರಿಗೆ ಕಳಿಸಿದರು. ಹೊಸಬರಿಗೆ ಮುಟ್ಟಲು ಕೊನೆಯದು ಬಹಳ ಮುಖ್ಯ. ಬೆಂಗಳೂರಿನಲ್ಲಿರುವ ಮಗಳು ಮುಂಬಯಿಯ ಚಿಕ್ಕಮ್ಮನಿಗೆ ಕಳಿಸುವುದು ಸ್ಟಾಕ್ ಬಂತೆಂಬ ಸುದ್ದಿಯನ್ನಲ್ಲ, ಬೂಷ್ಟು ಹಿಡಿಯದಂತೆ ಹಪ್ಪಳ ಇಡುವ ಬಗೆಯನ್ನು. ವೇದಿಕೆಯ ಲೆಕ್ಕದಲ್ಲೇ ನೋಡಿದರೂ ಹತ್ತು ಬಡಕಲು ರೀಲುಗಳಿಗಿಂತ ನೆಂಟರಿಂದ ನೆಂಟರಿಗೆ ಹೋಗುವ ಒಂದು ವಿಡಿಯೊ ದೂರ ನಡೆಯುತ್ತದೆ.

ಹಾಗೆಂದು ಗುಣಮಟ್ಟದ ಪಕ್ಷವೂ ಅಪಾಯದಿಂದ ಹೊರತಲ್ಲ. ಇನ್ನೂ ಸ್ವಲ್ಪ ಚೆನ್ನಾಗಿ ಮಾಡೋಣ ಎಂದು ಏಪ್ರಿಲಿನಲ್ಲಿ ತೆಗೆದ ವಿಡಿಯೊವನ್ನು ಸರಕು ಮುಗಿದ ಮೇಲೆ ಹಾಕಿದರೆ ಅದರಿಂದ ಆ ವರ್ಷ ಏನೂ ಸಿಗದು. ಹೀಗಾಗದಂತೆ ತಡೆಯಲು ಗಡಿಯಾರವೇ ಬೇಕು: ಕತ್ತರಿಸಲು ಒಂದು ಗಂಟೆ ಎಂದರೆ ಒಂದೇ ಗಂಟೆ, ಅಷ್ಟರಲ್ಲಿ ಆದದ್ದನ್ನು ಹಾಕುವುದು.

ದಾರಿ ತಪ್ಪಿದೆಯೇ ಎಂದು ತಿಳಿಯುವ ಗುರುತುಗಳು ಫೋನಿನಲ್ಲೇ ಸಿಗುತ್ತವೆ. ಒಂದೇ ಪ್ರಶ್ನೆ ಮೇಲಿಂದ ಮೇಲೆ ಬರುತ್ತಿದ್ದರೆ ಪೋಸ್ಟಿನಲ್ಲಿ ಮಾಹಿತಿ ಕಡಿಮೆ. ಸಂಖ್ಯೆ ಹೆಚ್ಚಿಸಿ ಪ್ರಯೋಜನವಿಲ್ಲ. ನೋಡುವವರು ಏರುತ್ತಿದ್ದು ಆರ್ಡರ್ ಪುಸ್ತಕ ಹಾಗೇ ಇದ್ದರೆ ವಿಡಿಯೊ ಕೊಳ್ಳದವರನ್ನು ರಂಜಿಸುತ್ತಿದೆ. ಸ್ಟೇಟಸ್ ನೋಡಿದವರ ಪಟ್ಟಿಯಲ್ಲಿ ಹಳೆಯ ಗಿರಾಕಿಗಳ ಹೆಸರು ಒಂದೊಂದಾಗಿ ಕಾಣೆಯಾಗುತ್ತಿದ್ದರೆ ಅವರಿಗೆ ಅದು ಅತಿಯಾಗಿರಬಹುದು. ಉತ್ತರ ಕೊಡದ ಮೆಸೇಜುಗಳು ಎರಡು ದಿನ ದಾಟಿದರೆ, ಮುಂದಿನ ಪೋಸ್ಟನ್ನು ಬಿಟ್ಟು ಅವುಗಳಿಗೆ ಮೊದಲು ಉತ್ತರಿಸಬೇಕು.

ಸಮಯವೇ ಇಲ್ಲದ ಒಂಟಿ ಉದ್ಯಮಿಗೆ ವಾರಕ್ಕೆ ಎರಡು ಮೂರು ಸಲ ದಿನದ ಸುದ್ದಿ, ಹದಿನೈದು ದಿನಕ್ಕೊಂದು ಬಾಳುವ ವಿಡಿಯೊ ಸಾಕು. ಸರಕು ಮುಗಿದ ವಾರ ಮುಗಿದಿದೆ ಎಂಬ ಒಂದು ಸಾಲು ಸಾಕು. ಸರಕು ಹೆಚ್ಚಿ, ಇನ್ನಿಬ್ಬರು ಕೆಲಸಕ್ಕೆ ಸೇರಿದಾಗ ಈ ಸಂಖ್ಯೆ ಬದಲಾಗಬೇಕು, ಆದರೆ ಆಗಲೂ ಚಾಪೆ ಮೊದಲು ಹೆಚ್ಚಬೇಕು, ಪೋಸ್ಟ್ ಆಮೇಲೆ. ಸ್ವ ಉದ್ಯೋಗದ ತರಬೇತಿ ಕೊಡುವ ಸಂಸ್ಥೆಗಳು ಈಗ ಮೊಬೈಲ್ ಮಾರಾಟದ ಪಾಠ ಮಾಡುವಾಗ ರೀಲ್ ಮಾಡುವುದನ್ನು ಕಲಿಸುವ ಮೊದಲು ಈ ಎರಡು ಲೆಕ್ಕಗಳನ್ನು ಶಿಬಿರಾರ್ಥಿಗಳಿಂದಲೇ ಬರೆಸಬೇಕು: ತಿಂಗಳಿಗೆ ಎಷ್ಟು ಸರಕು ಕೊಡಬಲ್ಲೆ, ವಾರಕ್ಕೆ ಎಷ್ಟು ಗಂಟೆ ಫೋನ್ ಹಿಡಿಯಬಲ್ಲೆ. ಈ ಸಲದ ಹಲಸು ಬೆಳೆಯುವ ಮುಂಚೆ, ಮನೆಯಲ್ಲೇ ಮಾಡಿ ಮಾರುವ ಯಾರೇ ಆದರೂ ಒಂದು ಸಂಜೆ ಕೂತು ಈ ಎರಡು ಸಂಖ್ಯೆಗಳನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಲಿ. ಮಾರ್ಚಿನಿಂದ ಮೇ ತನಕ ಅದರಂತೆ ನಡೆದು, ಜೂನಿನಲ್ಲಿ ಆರ್ಡರ್ ಪುಸ್ತಕದ ಜತೆ ಇಟ್ಟು ನೋಡಲಿ.